ಜಿರಳೆ ಯಾರದ್ದು, ಬಿಲ್ ಯಾರದ್ದು? ಬಾಡಿಗೆ ಮನೆಯ ಪೆಸ್ಟ್ ಕಂಟ್ರೋಲ್ ಲೆಕ್ಕ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಇವತ್ತಿನ ಎಪಿಸೋಡ್ ಶುರು ಆಗೋದು ನಾಲ್ಕೂವರೆ ಸಾವಿರ ರೂಪಾಯಿಂದ. ಅದು ನನ್ನ ದುಡ್ಡು, ವಾಪಸ್ ಬರಲೇ ಇಲ್ಲ.

ನಾನು ಬೆಂಗಳೂರಲ್ಲಿ ಇದ್ದ ಹಿಂದಿನ ಮನೆ ಖಾಲಿ ಮಾಡಿದಾಗ ಅಡ್ವಾನ್ಸ್ ಅರವತ್ತು ಸಾವಿರ ಇತ್ತು. ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡ್ರು. ಸರಿ, ಅದು ಅಗ್ರಿಮೆಂಟ್‌ನಲ್ಲೇ ಇತ್ತು. ಅದರ ಕೆಳಗೆ ಇನ್ನೊಂದು ಸಾಲು: ‘ಪೆಸ್ಟ್ ಕಂಟ್ರೋಲ್, 4,500’. ನಾನು ಕೇಳಿದೆ, ಅಂಕಲ್, ನಾನು ಬಂದಾಗಲೇ ಅಡುಗೆಮನೆ ತುಂಬ ಜಿರಳೆ ಇತ್ತಲ್ಲ ಅಂತ. ಅವರು ತಣ್ಣಗೆ ಹೇಳಿದ್ರು, ‘ಅದಕ್ಕೆ ಏನಮ್ಮ ಸಾಕ್ಷಿ?’

ನಾನು ಬಿ.ಕಾಂ. ಓದಿದವಳು. ವೋಚರ್ ಇಲ್ಲದೆ ಎಂಟ್ರಿ ಇಲ್ಲ ಅಂತ ಮೂರು ವರ್ಷ ಕಲಿತವಳು. ಆದರೂ ನನ್ನ ಹತ್ರ ಒಂದು ಫೋಟೋ ಇರಲಿಲ್ಲ, ಒಂದು ಮೆಸೇಜ್ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಬಂದೆ.

ಆಮೇಲೆ ಹನುಮಂತನಗರದಲ್ಲಿ ಹೊಸ ಮನೆ ಹಿಡಿದೆ. ಮೂರು ಅಂತಸ್ತಿನ ಕಟ್ಟಡ, ಗ್ರೌಂಡ್ ಫ್ಲೋರ್, ಒಂದು ಬೆಡ್‌ರೂಮ್. ಓನರ್ ಆಂಟಿ ಮೂರನೇ ಮಹಡಿಯಲ್ಲಿ ಇರ್ತಾರೆ. ಅಲ್ಲಿ ಒಂದೂವರೆ ವರ್ಷದಲ್ಲಿ ಜಿರಳೆ, ಗೆದ್ದಲು, ಸೊಳ್ಳೆ ಮೂರೂ ನೋಡಿದೆ. ಈ ಸಲ ಲೆಕ್ಕ ಇಟ್ಟೆ. ಅದರಿಂದ ನನಗೆ ಅರ್ಥ ಆಗಿದ್ದು ಒಂದೇ ವಿಷಯ. ಯಾರು ದುಡ್ಡು ಕೊಡಬೇಕು ಅನ್ನೋದಕ್ಕೆ ಮುಂಚೆ ಈ ಹುಳ ಎಲ್ಲಿಂದ ಬಂತು, ಯಾವಾಗಿಂದ ಇದೆ ಅಂತ ಕೇಳಬೇಕು. ಅದಕ್ಕೆ ಉತ್ತರ ಆ ಹುಳದ ಹತ್ರಾನೇ ಇರುತ್ತೆ.

ಮೊದಲು ಜಿರಳೆ. ನಮ್ಮ ಮನೆಗಳಲ್ಲಿ ಮುಖ್ಯವಾಗಿ ಎರಡು ಜಾತಿ ಕಾಣ್ತವೆ. ಒಂದು ದೊಡ್ಡದು, ಕೆಂಪು ಕಂದು ಬಣ್ಣ, ಹೆಬ್ಬೆರಳಷ್ಟು ಉದ್ದ. ರಾತ್ರಿ ಬಾತ್‌ರೂಮ್ ಲೈಟ್ ಹಾಕಿದ ತಕ್ಷಣ ಎದೆ ಧಸಕ್ ಅನ್ನಿಸೋದು ಅದೇ. ಅದು ಮೋರಿ, ಚೇಂಬರ್ ಕಡೆಯಿಂದ ಬರುತ್ತೆ. ಇನ್ನೊಂದು ಚಿಕ್ಕದು, ಬೆಳೆದದ್ದು ಒಂದೂವರೆ ಸೆಂಟಿಮೀಟರ್ ಅಷ್ಟೇ. ತಿಳಿ ಕಂದು, ತಲೆಯ ಹಿಂದೆ ಎರಡು ಕಪ್ಪು ಗೆರೆ. ಇದಕ್ಕೆ ಜರ್ಮನ್ ಜಿರಳೆ ಅಂತಾರೆ. ಇದು ಮೋರಿಯಲ್ಲಿ ಇರಲ್ಲ, ಮನೆ ಒಳಗೇ ಸಂಸಾರ ಮಾಡುತ್ತೆ. ಕ್ಯಾಬಿನೆಟ್‌ನ ಹಿಂಜು, ಫ್ರಿಜ್‌ನ ಮೋಟರ್ ಪಕ್ಕ, ಸಿಂಕ್ ಕೆಳಗೆ, ಸ್ವಿಚ್ ಬೋರ್ಡ್ ಒಳಗೆ. ಜಗಳ ಜಾಸ್ತಿ ಆಗೋದು ಇದರ ಬಗ್ಗೆ.

ಈ ಚಿಕ್ಕ ಜಿರಳೆಯ ಹೆಣ್ಣು ಮೊಟ್ಟೆಗಳನ್ನ ಒಂದು ಗಟ್ಟಿ ಕವಚದ ಒಳಗೆ ಇಟ್ಟು, ಆ ಕವಚವನ್ನ ಹೊಟ್ಟೆ ತುದಿಯಲ್ಲಿ ಅಂಟಿಸಿಕೊಂಡೇ ಓಡಾಡುತ್ತೆ. ಒಂದು ಕವಚದಲ್ಲಿ ಮೂವತ್ತರಿಂದ ನಲವತ್ತು ಮೊಟ್ಟೆ. ಮರಿ ಆಚೆ ಬರೋಕೆ ಮೂರ್ನಾಲ್ಕು ವಾರ ಬೇಕು. ಆ ಮರಿ ಬೆಳೆದು ರೆಕ್ಕೆ ಬರೋಕೆ ಇನ್ನೂ ಎರಡು ಮೂರು ತಿಂಗಳು ಬೇಕು. ಇಷ್ಟು ತಿಳಿದರೆ ನಿಮ್ಮ ಕೈಗೆ ಒಂದು ಕ್ಯಾಲೆಂಡರ್ ಸಿಕ್ಕ ಹಾಗೆ.

ಹೇಗೆ ಅಂದ್ರೆ, ನೀವು ಮನೆಗೆ ಬಂದು ಒಂದು ವಾರ ಆಗಿದೆ. ಅಡುಗೆಮನೆಯಲ್ಲಿ ದೊಡ್ಡವು, ನಡುವಿನವು, ಎಳ್ಳಿನಷ್ಟು ಮರಿಗಳು ಎಲ್ಲ ಒಟ್ಟಿಗೆ ಕಾಣ್ತಿವೆ. ಅಂದ್ರೆ ಆ ಸಂಸಾರ ಅಲ್ಲಿ ತಿಂಗಳುಗಟ್ಟಲೆಯಿಂದ ಇದೆ, ಅಥವಾ ಪಕ್ಕದ ಮನೆಯಿಂದ ಬರ್ತಿದೆ. ನಿಮ್ಮ ಒಂದು ಡಬ್ಬದಲ್ಲಿ ಒಂದೋ ಎರಡೋ ಬಂದಿರಬಹುದು, ಆದರೆ ಒಂದು ವಾರದಲ್ಲಿ ಮೂರು ತಲೆಮಾರು ಆಗಲ್ಲ. ಅದೇ ನೀವು ಬಂದು ಐದು ತಿಂಗಳು ಒಂದೂ ಇರಲಿಲ್ಲ, ಆಮೇಲೆ ಫ್ರಿಜ್ ಹಿಂದೆ ಮಾತ್ರ ಕಾಣೋಕೆ ಶುರು ಆಯ್ತು ಅಂದ್ರೆ, ನೀವೇ ಏನೋ ತಂದಿರೋ ಸಾಧ್ಯತೆ ಜಾಸ್ತಿ.

ಹಾಗಾಗಿ ಈ ಸಲ ನಾನು ಸಾಮಾನು ಇಳಿಸಿದ ರಾತ್ರಿನೇ ಅಂಟು ಹಾಳೆ ಇಟ್ಟೆ. ಗ್ಲೂ ಟ್ರ್ಯಾಪ್ ಅಂತ ಸಿಗುತ್ತಲ್ಲ, ಜಿರಳೆಗೇ ಅಂತ ಬರೋ ಚಿಕ್ಕ ಸೈಜಿಂದು. ಸಿಂಕ್ ಕೆಳಗೆ ಒಂದು, ಒಲೆ ಪಕ್ಕ ಒಂದು, ಫ್ರಿಜ್ ಹಿಂದೆ ಒಂದು. ಪ್ರತಿ ಹಾಳೆ ಮೇಲೂ ಪೆನ್ನಲ್ಲಿ ಜಾಗ, ತಾರೀಕು ಬರೆದೆ. ಮೂರು ರಾತ್ರಿ ಬಿಟ್ಟು ತೆಗೆದು ನೋಡಿದರೆ ಒಟ್ಟು ನಲವತ್ತೊಂದು. ಅದರಲ್ಲಿ ಒಂಬತ್ತು ಬೆಳೆದವು, ಎರಡರ ಹಿಂದೆ ಮೊಟ್ಟೆ ಕವಚ, ಉಳಿದದ್ದು ಬೇರೆ ಬೇರೆ ಸೈಜಿನ ಮರಿಗಳು. ಕ್ಯಾಬಿನೆಟ್ ಹಿಂಜಿನ ಹತ್ರ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ, ಅದು ಅವುಗಳ ಹಿಕ್ಕೆ. ಅದರದ್ದೂ ಫೋಟೋ ತೆಗೆದೆ.

ಆಂಟಿಗೆ ಮೆಸೇಜ್ ಹಾಕಿದೆ. ಜಗಳದ ಧಾಟಿಯಲ್ಲಿ ಅಲ್ಲ. ‘ಆಂಟಿ, ಶನಿವಾರ ಬಂದ್ವಿ, ಇವತ್ತು ಮಂಗಳವಾರ. ಮೂರು ರಾತ್ರಿಯಲ್ಲಿ ಇಷ್ಟು ಸಿಕ್ಕಿವೆ, ದೊಡ್ಡವೂ ಇವೆ, ಮರಿಗಳೂ ಇವೆ. ಇದು ಮೊದಲಿಂದ ಇರೋದು ಅನ್ಸುತ್ತೆ. ಒಂದ್ಸಲ ನೋಡ್ತೀರಾ?’ ಆಂಟಿ ಇಳಿದು ಬಂದ್ರು. ‘ಹಿಂದಿನವರು ಇದ್ದಾಗ ಒಂದೂ ಇರ್ಲಿಲ್ಲಮ್ಮ’ ಅಂದ್ರು. ನಾನು ವಾದ ಮಾಡಲಿಲ್ಲ, ಹಾಳೆ ತೋರಿಸಿದೆ, ಎಷ್ಟು ತಿಂಗಳಿಗೆ ಎಷ್ಟು ಬೆಳೆಯುತ್ತೆ ಅಂತ ಹೇಳಿದೆ. ಸ್ವಲ್ಪ ಹೊತ್ತು ನೋಡಿ, ‘ಥೂ, ತೆಗಿ ಅದನ್ನ, ಕರೆಸು ಯಾರನ್ನಾದರೂ’ ಅಂದ್ರು. ಎರಡು ವಿಸಿಟ್‌ಗೆ ಸಾವಿರದ ಎಂಟುನೂರು, ಆಂಟಿ ಕೊಟ್ಟರು.

ಎರಡು ವಿಸಿಟ್ ಯಾಕೆ? ಇಲ್ಲೇ ತುಂಬ ಜನ ದುಡ್ಡು ಕಳ್ಕೊಳ್ಳೋದು. ಒಂದು ಸಲ ಸ್ಪ್ರೇ ಹೊಡೆಸ್ತಾರೆ, ಮಾರನೇ ದಿನ ಸತ್ತ ಜಿರಳೆ ಗುಡಿಸ್ತಾರೆ, ಆಹಾ ಮುಗೀತು ಅಂದ್ಕೋತಾರೆ. ಮೂರು ವಾರಕ್ಕೆ ಮತ್ತೆ ಮರಿಗಳು. ಸ್ಪ್ರೇ ಮಾಡಿದವನು ಮೋಸ ಮಾಡಿದ ಅಂತ ಬೈತಾರೆ. ಮೋಸ ಇರಬಹುದು, ಇಲ್ಲದೆಯೂ ಇರಬಹುದು. ಆ ಮೊಟ್ಟೆ ಕವಚದ ಒಳಗೆ ಔಷಧಿ ಸರಿಯಾಗಿ ಹೋಗಲ್ಲ, ಅಷ್ಟೇ. ಅವತ್ತು ಕವಚದಲ್ಲಿ ಇದ್ದದ್ದು ಆಮೇಲೆ ಆಚೆ ಬರುತ್ತೆ. ಜೊತೆಗೆ ಸ್ಪ್ರೇ ವಾಸನೆಗೆ ಕೆಲವು ಜಿರಳೆ ಪೈಪ್ ಸಂದಿಯಿಂದ ಪಕ್ಕದ ಮನೆಗೆ ಓಡಿ, ವಾಸನೆ ಇಳಿದ ಮೇಲೆ ವಾಪಸ್ ಬರ್ತವೆ.

ಅದಕ್ಕೇ ಅಡುಗೆಮನೆಗೆ ಜೆಲ್ ಒಳ್ಳೇದು. ಸಿರಿಂಜ್ ತರದ ಟ್ಯೂಬ್‌ನಿಂದ ಹಿಂಜು, ಡ್ರಾಯರ್ ಸಂದಿ, ಸಿಂಕ್ ಕೆಳಗೆಲ್ಲ ಸಣ್ಣ ಸಣ್ಣ ಚುಕ್ಕೆ ಇಡ್ತಾರೆ. ಅದು ಇಮಿಡಾಕ್ಲೋಪ್ರಿಡ್ ಅಥವಾ ಫಿಪ್ರೋನಿಲ್ ಬೆರೆಸಿದ ತಿಂಡಿ. ಜಿರಳೆ ತಿಂದು ಗೂಡಿಗೆ ಹೋಗಿ ಸಾಯುತ್ತೆ. ಅದರ ಹಿಕ್ಕೆ, ಹೆಣ ತಿಂದ ಮರಿಗಳೂ ಸಾಯ್ತವೆ. ಆದರೆ ಒಂದು ಷರತ್ತು. ಜೆಲ್ ಇಟ್ಟ ಮೇಲೆ ಅಂಗಡಿಯ ಸ್ಪ್ರೇ ಹೊಡೀಬಾರದು, ಆ ಜಾಗ ಫಿನಾಯಿಲ್ ಹಾಕಿ ಒರೆಸಬಾರದು. ವಾಸನೆ ಬಂದ್ರೆ ಜಿರಳೆ ಜೆಲ್ ಮುಟ್ಟಲ್ಲ. ನನ್ನ ಅಮ್ಮ ಊರಿಂದ ಬಂದು ಪ್ರೀತಿಯಿಂದ ಇಡೀ ಕ್ಯಾಬಿನೆಟ್ ತೊಳೆದು ಬಿಟ್ಟಿದ್ದರು, ಅರ್ಧ ಜೆಲ್ ಹೋಯ್ತು. ಅದನ್ನ ಮತ್ತೆ ಇಡಿಸಬೇಕಾಯ್ತು.

ನನ್ನ ವೇಳಾಪಟ್ಟಿ ಹೀಗಿತ್ತು. ಮೊದಲ ದಿನ ಕ್ಲೀನ್ ಮಾಡಿ ಜೆಲ್. ಹದಿನೈದನೇ ದಿನ ಮತ್ತೆ ಮೂರು ಅಂಟು ಹಾಳೆ, ಮೂರು ರಾತ್ರಿ. ನಲವತ್ತೊಂದು ಇದ್ದದ್ದು ಆರಕ್ಕೆ ಬಂತು, ಆರೂ ಎಳ್ಳಿನಷ್ಟು ಮರಿಗಳು. ಅಂದ್ರೆ ಕವಚದಲ್ಲಿ ಉಳಿದವು ಈಗ ಆಚೆ ಬಂದಿವೆ, ಬೆಳೆದವು ಇಲ್ಲ. ಇದು ಒಳ್ಳೆ ಲಕ್ಷಣ. ಮೂವತ್ತನೇ ದಿನ ಎರಡನೇ ಜೆಲ್. ಅರವತ್ತನೇ ದಿನ ಹಾಳೆ ಖಾಲಿ. ಒಂದು ವೇಳೆ ಹದಿನೈದನೇ ದಿನವೂ ಬೆಳೆದವು ಹಾಗೇ ಸಿಗ್ತಿದ್ರೆ, ಜೆಲ್ ತಪ್ಪಿದ ಜಾಗದಲ್ಲಿದೆ ಅಥವಾ ಮೇಲಿನ ಮನೆಯಿಂದ ಬರ್ತಿದೆ ಅಂತ. ಡಕ್ಟ್‌ಗೆ ಹತ್ತಿದ ಅಡುಗೆಮನೆಗಳು ಒಂದರ ಮೇಲೆ ಒಂದು ಇದ್ರೆ, ಒಂದೇ ಮನೆಗೆ ಮಾಡಿಸೋದು ದುಡ್ಡು ನೀರಿಗೆ ಹಾಕಿದ ಹಾಗೆ. ಅಂಥ ಕಟ್ಟಡದಲ್ಲಿ ಎಲ್ಲ ಮನೆಗೂ ಒಂದೇ ದಿನ ಮಾಡಿಸೋದು ಓನರ್ ಕೈಯಲ್ಲಿ ಮಾತ್ರ ಇರುತ್ತೆ, ಹಾಗಾಗಿ ಖರ್ಚೂ ಅವರದ್ದೇ ಅಥವಾ ಮೇಂಟೆನೆನ್ಸ್‌ನಿಂದ. ಚೇಂಬರ್‌ನಿಂದ ಬರೋ ದೊಡ್ಡ ಜಿರಳೆಗೂ ಇದೇ ಲೆಕ್ಕ.

ಈಗ ನನ್ನ ತಪ್ಪಿನ ಕಥೆ. ಎಂಟು ತಿಂಗಳು ನೆಮ್ಮದಿಯಾಗಿ ಇದ್ದೆ. ಆಮೇಲೆ ಒಂದು ಸೆಕೆಂಡ್ ಹ್ಯಾಂಡ್ ಮೈಕ್ರೋವೇವ್ ತಂದೆ, ಒಳ್ಳೆ ರೇಟು ಅಂತ. ಮೂರು ವಾರಕ್ಕೆ ಅದರ ಹಿಂದಿನ ಗಾಳಿ ತೂತಿನಿಂದ ಮರಿಗಳು ಇಣುಕೋಕೆ ಶುರು. ಹಾಳೆ ಇಟ್ಟೆ. ಮೈಕ್ರೋವೇವ್ ಪಕ್ಕದ್ದರಲ್ಲಿ ಹನ್ನೊಂದು, ಉಳಿದ ಎರಡರಲ್ಲಿ ಸೊನ್ನೆ. ಇನ್ನು ಯಾರನ್ನ ಕೇಳೋದು? ಒಂಬೈನೂರು ರೂಪಾಯಿ, ನಾನೇ ಕೊಟ್ಟೆ. ಸಾಕ್ಷಿ ನಮ್ಮ ಕಡೆ ಬೆರಳು ತೋರಿಸಿದಾಗ ಒಪ್ಪಿಕೊಂಡ್ರೆ, ಮುಂದಿನ ಸಲ ನಮ್ಮ ಮಾತಿಗೆ ಬೆಲೆ ಇರುತ್ತೆ. ಆ ಮುಂದಿನ ಸಲ ಬೇಗನೇ ಬಂತು.

ಜೂನ್ ತಿಂಗಳು, ಮಳೆ ಹಿಡಿದಿತ್ತು. ಬೆಡ್‌ರೂಮ್ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ. ಬೆರಳಲ್ಲಿ ತಟ್ಟಿದರೆ ಮರ ಟೊಳ್ಳು ಶಬ್ದ. ಗೆದ್ದಲು. ಆಂಟಿ ಮೊದಲ ಮಾತು, ‘ನಿನ್ನ ಮಂಚದಿಂದ ಬಂದಿರುತ್ತೆ ನೋಡಮ್ಮ.’

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಮಣ್ಣಿನ ಗೆರೆ ಕಟ್ಟೋ ಗೆದ್ದಲಿನ ಗೂಡು ನೆಲದ ಒಳಗೆ ಇರುತ್ತೆ. ಅದಕ್ಕೆ ತೇವ ಬೇಕು, ಬಿಸಿಲು ಗಾಳಿ ತಡೆಯಲ್ಲ. ಅದಕ್ಕೇ ಮಣ್ಣಿನ ಸುರಂಗ ಕಟ್ಟಿಕೊಂಡು ಪಾಯದ ಬಿರುಕು, ನೆಲ ಗೋಡೆ ಸೇರೋ ಸಂದಿ ಮೂಲಕ ಮೇಲೆ ಬರುತ್ತೆ. ಹಾಗಾಗಿ ಗೆರೆ ಎಲ್ಲಿಂದ ಹೊರಟಿದೆ ಅಂತ ನೋಡಿ. ನಮ್ಮಲ್ಲಿ ಅದು ಸ್ಕರ್ಟಿಂಗ್ ಟೈಲ್ಸ್ ಸಂದಿಯಿಂದ ಎದ್ದು ಚೌಕಟ್ಟಿಗೆ ಹತ್ತಿತ್ತು. ಮಂಚ ಎದುರು ಗೋಡೆಗೆ ಇತ್ತು, ಅದರ ಕಾಲಲ್ಲಿ ಒಂದು ಗೆರೆ ಇರಲಿಲ್ಲ. ಇನ್ನೊಂದು ಪರೀಕ್ಷೆನೂ ಮಾಡಿದೆ. ಗೆರೆಯ ನಡುವೆ ಒಂದು ಇಂಚು ಒಡೆದು ಫೋಟೋ ತೆಗೆದೆ. ಎರಡು ದಿನದಲ್ಲಿ ಅದು ಹಸಿ ಮಣ್ಣಿಂದ ಮತ್ತೆ ಮುಚ್ಚಿತ್ತು. ಅಂದ್ರೆ ಹಳೇ ಗುರುತಲ್ಲ, ಈಗಲೂ ಓಡಾಟ ಇದೆ.

ಮರದಿಂದ ಹಿಟ್ಟಿನಂಥ ಪುಡಿ ಉದುರ್ತಿದ್ದು, ಮಣ್ಣೇ ಇಲ್ಲ ಅಂದ್ರೆ ಅದು ಮರ ಕೊರೆಯೋ ಬೇರೆ ಹುಳ. ಅದು ನಿಜವಾಗಲೂ ನಿಮ್ಮ ಮಂಚದ ಜೊತೆ ಬಂದಿರಬಹುದು. ವ್ಯತ್ಯಾಸ ನೋಡಿ ಮಾತಾಡಿ.

ಗೆದ್ದಲಿಗೆ ಗೆರೆ ಒರೆಸಿ ಸೀಮೆಎಣ್ಣೆ ಹಚ್ಚಿದರೆ ಏನೂ ಆಗಲ್ಲ. ಪಕ್ಕದಲ್ಲಿ ಇನ್ನೊಂದು ದಾರಿ ಮಾಡುತ್ತೆ. ಸರಿಯಾದ ಕೆಲಸ ಅಂದ್ರೆ ಗೋಡೆ ನೆಲ ಸೇರೋ ಕಡೆ, ಸುಮಾರು ಒಂದು ಅಡಿಗೊಂದರಂತೆ, ಬೆರಳ ದಪ್ಪದ ತೂತು ಕೊರೆದು, ಔಷಧಿ ನೀರು ತುಂಬಿಸಿ, ಸಿಮೆಂಟ್‌ನಿಂದ ಮುಚ್ಚೋದು. ಕಟ್ಟಿದ ಮನೆಗೆ ಇದನ್ನ ಹೇಗೆ ಮಾಡಬೇಕು ಅಂತ ಬಿಐಎಸ್‌ನ ಒಂದು ಮಾನದಂಡನೇ ಇದೆ, IS 6313 ಮೂರನೇ ಭಾಗ. ಈಗ ಯೋಚನೆ ಮಾಡಿ. ಬಾಡಿಗೆಗೆ ಇರೋರು ಓನರ್ ಮನೆಯ ನೆಲ ಕೊರೆಸೋಕೆ ಆಗುತ್ತಾ? ಒಪ್ಪಿಗೆ ಇಲ್ಲದೆ ಒಂದು ಮೊಳೆ ಹೊಡೆಯೋ ಹಾಗಿಲ್ಲ. ಕೊರೆಯೋ ಅಧಿಕಾರ ಯಾರದ್ದೋ ಬಿಲ್ ಅವರದ್ದು. ಹನ್ನೊಂದು ಸಾವಿರ ಆಯ್ತು, ಆಂಟಿ ಕೊಟ್ಟರು. ನನ್ನ ಪಾಲಿನ ಕೆಲಸ ಅಂದ್ರೆ ಬೀರು, ಮಂಚ ಎಲ್ಲ ಗೋಡೆಯಿಂದ ಎರಡು ಅಡಿ ಎಳೆದು, ಎರಡು ರಾತ್ರಿ ಫ್ರೆಂಡ್ ಮನೆಯಲ್ಲಿ ಮಲಗಿದ್ದು. ಬಿಲ್ ಮೇಲೆ ಔಷಧಿ ಹೆಸರು, ಕಂಪನಿಯ ಲೈಸೆನ್ಸ್ ನಂಬರ್, ವಾರಂಟಿ ಎಷ್ಟು ವರ್ಷ ಅಂತ ಬರೆಸಿ ಆಂಟಿ ಕೈಗೆ ಕೊಟ್ಟೆ, ಒಂದು ಫೋಟೋ ನನ್ನ ಹತ್ರ.

ಇದರಿಂದ ಒಂದು ಕ್ರಮನೂ ಗೊತ್ತಾಯ್ತು. ಮನೆ ಖಾಲಿ ಇರುವಾಗ ಮಾಡಿಸೋದಾದ್ರೆ ಮೊದಲು ಗೆದ್ದಲು, ಯಾಕಂದ್ರೆ ಗೋಡೆ ಪಕ್ಕ ತೂತು ಬೀಳುತ್ತೆ. ಆಮೇಲೆ ಪೇಂಟ್. ಆಮೇಲೆ ಕ್ಲೀನಿಂಗ್. ಕೊನೆಗೆ ಜಿರಳೆ ಜೆಲ್. ಉಲ್ಟಾ ಮಾಡಿದರೆ ಪೇಂಟ್ ಹಾಳು, ಜೆಲ್ಲೂ ತೊಳೆದು ಹೋಗುತ್ತೆ. ನೀವು ಟೋಕನ್ ಅಡ್ವಾನ್ಸ್ ಕೊಟ್ಟು ಕೀ ತಗೊಳ್ಳೋ ಮಧ್ಯದ ಆ ಒಂದು ವಾರ ಇದೆಯಲ್ಲ, ಎಲ್ಲಕ್ಕಿಂತ ಅಗ್ಗವಾಗಿ, ಜಗಳ ಇಲ್ಲದೆ ಆಗೋ ಸಮಯ ಅದೇ.

ಸೊಳ್ಳೆ ಬಗ್ಗೆ ಚಿಕ್ಕದಾಗಿ. ಇದಕ್ಕೆ ಮನೆ ಒಳಗೆ ದುಡ್ಡು ಕೊಟ್ಟು ಹೊಗೆ ಹಾಕಿಸೋದು ನನ್ನ ಲೆಕ್ಕದಲ್ಲಿ ದಂಡ. ಹೊಗೆ ಹಾರೋ ಸೊಳ್ಳೆ ಮಾತ್ರ ಕೊಲ್ಲುತ್ತೆ, ನೀರಲ್ಲಿರೋ ಮರಿಗೆ ಏನೂ ಆಗಲ್ಲ. ಡೆಂಗಿ ಹರಡೋ ಸೊಳ್ಳೆ ಶುದ್ಧ ನೀರಲ್ಲೇ ಮೊಟ್ಟೆ ಇಡುತ್ತೆ, ಒಂದು ವಾರ ಹತ್ತು ದಿನದಲ್ಲಿ ರೆಕ್ಕೆ ಬಂದು ಹಾರುತ್ತೆ. ಹಾಗಾಗಿ ವೇಳಾಪಟ್ಟಿ ವಾರಕ್ಕೊಂದು ಸಲ, ಖರ್ಚು ಸೊನ್ನೆ. ನಾನು ಭಾನುವಾರ ಮಾಡ್ತೀನಿ. ನೀರು ತುಂಬಿಟ್ಟ ಡ್ರಮ್ಮು, ಗಿಡದ ಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ. ಬರೀ ಚೆಲ್ಲಿದರೆ ಸಾಲದು, ಒಳಗಿನ ಅಂಚು ಉಜ್ಜಬೇಕು, ಮೊಟ್ಟೆ ಅಲ್ಲೇ ಅಂಟಿರುತ್ತೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತೆ.

ಇದು ನನ್ನ ಪಾಲು. ಸಂಪ್‌ನ ಮುಚ್ಚಳ, ಮೇಲಿನ ಟ್ಯಾಂಕ್ ಮುಚ್ಚಳ ಓನರ್ ಪಾಲು. ರಸ್ತೆ ಚರಂಡಿ ಪಾಲಿಕೆಯದ್ದು. ನಮ್ಮ ರಾಜ್ಯದಲ್ಲಿ 2024ರಲ್ಲಿ ಡೆಂಗಿಯನ್ನ ಸಾಂಕ್ರಾಮಿಕ ಅಂತ ಘೋಷಿಸಿದಾಗ, ಸೊಳ್ಳೆ ಬೆಳೆಯೋಕೆ ಬಿಟ್ಟರೆ ನಗರದ ಮನೆಗೆ 400 ರೂಪಾಯಿ ದಂಡ ಅಂತ ನಿಯಮ ಬಂತು. ಆ ಜವಾಬ್ದಾರಿ ಮಾಲೀಕರ ಮೇಲೂ ಇದೆ, ವಾಸ ಇರೋರ ಮೇಲೂ ಇದೆ. ಕಿಟಕಿ ಮೆಶ್ ವಿಷಯದಲ್ಲಿ ನನ್ನ ಸೂತ್ರ ಸರಳ. ಫ್ರೇಮ್‌ಗೆ ಸ್ಕ್ರೂ ಹಾಕಿ ಕೂರಿಸೋದು ಮನೆಯಲ್ಲೇ ಉಳಿಯುತ್ತೆ, ಓನರ್ ಕೊಡಲಿ. ವೆಲ್ಕ್ರೋ ಅಂಟಿಸೋದು ನಾನು ಬಿಚ್ಚಿಕೊಂಡು ಹೋಗ್ತೀನಿ, ನಾನು ಕೊಡ್ತೀನಿ.

ಕೊನೆಗೆ ಕಾನೂನು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಓನರ್‌ಗೆ ಗೊತ್ತಿರೋ, ಬಾಡಿಗೆಗೆ ಬರೋರಿಗೆ ಸಾಮಾನ್ಯವಾಗಿ ನೋಡಿದರೆ ಗೊತ್ತಾಗದ ದೊಡ್ಡ ದೋಷ ಇದ್ದರೆ ಮೊದಲೇ ಹೇಳಬೇಕು. ಪೇಂಟ್ ಕೆಳಗೆ ಮುಚ್ಚಿದ ಗೆದ್ದಲಿನ ವಿಷಯದಲ್ಲಿ ಈ ಮಾತು ಹಿಡಿಯಬಹುದು. ಅದೇ ಸೆಕ್ಷನ್ ಇನ್ನೊಂದು ಹೇಳುತ್ತೆ. ಓನರ್ ಮಾಡಲೇಬೇಕಾದ ರಿಪೇರಿಯನ್ನ ನೋಟಿಸ್ ಕೊಟ್ಟರೂ ಮಾಡದಿದ್ದರೆ, ನಾವು ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಆದರೆ ‘ಮಾಡಲೇಬೇಕಾದ’ ಅನ್ನೋ ಪದ ಗಮನಿಸಿ. ಪೆಸ್ಟ್ ಕಂಟ್ರೋಲ್ ಅವರು ಮಾಡಲೇಬೇಕು ಅಂತ ಎಲ್ಲಿ ಬರೆದಿದೆ? ನಿಮ್ಮ ಹನ್ನೊಂದು ತಿಂಗಳ ಅಗ್ರಿಮೆಂಟ್‌ನಲ್ಲಿ ಬರೆಸಿದ್ದರೆ ಬರೆದಿದೆ. ಇಲ್ಲಾಂದ್ರೆ ನೀವು ಸುಮ್ಮನೆ ಬಾಡಿಗೆ ಕಟ್ ಮಾಡಿದರೆ ಅದು ಬಾಡಿಗೆ ಬಾಕಿ ಆಗಿ ನಿಮ್ಮ ಮೇಲೇ ತಿರುಗುತ್ತೆ.

ನಾನು ಅಗ್ರಿಮೆಂಟ್ ರಿನ್ಯೂ ಮಾಡುವಾಗ ಸೇರಿಸಿದ ಸಾಲು ಓದ್ತೀನಿ, ಬೇಕಾದ್ರೆ ಬರ್ಕೊಳ್ಳಿ. ‘ಗೆದ್ದಲು ಹಾಗೂ ಚೇಂಬರ್, ಸಂಪ್, ಟ್ಯಾಂಕ್‌ಗೆ ಸಂಬಂಧಿಸಿದ ಕೀಟ ನಿಯಂತ್ರಣದ ವೆಚ್ಚ ಮಾಲೀಕರದ್ದು. ಬಾಡಿಗೆದಾರರು ಬಂದ ಮೂವತ್ತು ದಿನದೊಳಗೆ ಬರವಣಿಗೆಯಲ್ಲಿ ತಿಳಿಸಿದ ಜಿರಳೆ ಸಮಸ್ಯೆಯ ವೆಚ್ಚ ಮಾಲೀಕರದ್ದು, ಅದರ ನಂತರದ್ದು ಬಾಡಿಗೆದಾರರದ್ದು. ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡುಬಂದರೆ ಮಾಲೀಕರದ್ದು. ಬಿಲ್ ಇಲ್ಲದೆ ಅಡ್ವಾನ್ಸ್‌ನಲ್ಲಿ ಕೀಟ ನಿಯಂತ್ರಣದ ಹೆಸರಲ್ಲಿ ಕಡಿತ ಇಲ್ಲ.’

ಆಂಟಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ್ರು. ‘ನಂತರದ್ದು ನಿಂದೇ ಅಂತ ನೀನೇ ಬರ್ದಿದ್ದೀಯಲ್ಲ’ ಅಂದ್ರು. ಹೌದು ಆಂಟಿ, ಮೈಕ್ರೋವೇವ್ ನಂದೇ ಅಲ್ವಾ ಅಂದೆ. ನಗ್ತಾ ಸೈನ್ ಹಾಕಿದ್ರು.

ಆ ನಾಲ್ಕೂವರೆ ಸಾವಿರ ಹೋದದ್ದು ಹೋಯ್ತು. ಅಂಟು ಹಾಳೆ ಮೂರಕ್ಕೆ ನೂರು ರೂಪಾಯಿನೂ ಆಗಲಿಲ್ಲ. ಈ ತಿಂಗಳು ಮನೆ ಶಿಫ್ಟ್ ಮಾಡ್ತಿರೋ ನಿಮ್ಮ ಫ್ರೆಂಡ್‌ಗೆ ಈ ಎಪಿಸೋಡ್ ಕಳಿಸಿ, ಹಾಲು ಉಕ್ಕಿಸಿದ ರಾತ್ರಿನೇ ಹಾಳೆ ಇಡೋಕೆ ಹೇಳಿ. ಮುಂದಿನ ವಾರ ಸಿಗೋಣ.